ಬೋರ್ಡಿನ ಮೇಲಿನ 275 ರೂಪಾಯಿ

ನಾವಿಬ್ಬರು ಅಕ್ಕ-ತಮ್ಮ. ಒಬ್ಬರು ಇ.ಸಿ., ಇನ್ನೊಬ್ಬರು ಮೆಕ್ಯಾನಿಕಲ್. ನಮ್ಮದು ಸಾಗರ. ಪೇಟೆಯಲ್ಲಿ ಅಪ್ಪನದೊಂದು ಪುಟ್ಟ ಬಂಗಾರದ ಅಂಗಡಿ ಇದೆ. ಊರವರೆಲ್ಲ ಅಪ್ಪನನ್ನು ಶೇಟ್ರು ಅಂತಾರೆ. ಟಿವಿಯಲ್ಲಿ ಸಿನಿಮಾ ನಟಿಯರು ಜಾಹೀರಾತು ಕೊಡುತ್ತಾರಲ್ಲ, ಅಂಥ ಶೋರೂಮ್ ಅಲ್ಲ. ಒಂದು ಕೌಂಟರ್, ಒಂದು ತಕ್ಕಡಿ, ನಾಲ್ಕು ಕುರ್ಚಿ, ಗೋಡೆಗೊಂದು ಬಿಳಿ ಬೋರ್ಡು. ದಿನಾ ಬೆಳಗ್ಗೆ ಆ ಬೋರ್ಡಿನ ಮೇಲೆ ಮಾರ್ಕರ್‌ನಿಂದ ಅವತ್ತಿನ ರೇಟು ಬರೆಯೋದು ಅಪ್ಪನ ಮೊದಲ ಕೆಲಸ. ದೀಪ ಹಚ್ಚೋದೂ ಅದಾದ ಮೇಲೆಯೇ.

ಕನ್ನಡ ಸಂಘದವರು ಏನಾದ್ರೂ ಬರೆದು ಕೊಡಿ ಅಂದಾಗ ಕವನ ಬರೆಯೋಣ ಅಂತ ಕೂತೆವು. ಬರಲಿಲ್ಲ. ಆಗ ನೆನಪಾಗಿದ್ದು, ನಾವಿಬ್ಬರೂ ಸೇರಿ ಕನ್ನಡದಲ್ಲಿ ಬರೆದ, ನಿಜವಾಗಿಯೂ ಜನ ನಿಂತು ಓದಿದ ಒಂದೇ ಒಂದು ಬರಹ. ಅದು ಅಂಗಡಿ ಗಾಜಿಗೆ ಅಂಟಿಸಿದ್ದ ಒಂದು ಪುಟದ ಚೀಟಿ. ಅದರ ಕಥೆಯನ್ನೇ ಹೇಳುತ್ತೇವೆ.

2024ರ ಜುಲೈ 23, ಮಂಗಳವಾರ. ಆಷಾಢ, ಬಿಡದ ಮಳೆ. ಮಂಗಳವಾರ ನಮ್ಮ ಅಂಗಡಿಗೆ ರಜೆ. ನಾವೂ ರಜೆಗೆ ಊರಿಗೆ ಹೋಗಿದ್ದೆವು. ಟಿವಿಯಲ್ಲಿ ಬಜೆಟ್ ಭಾಷಣ ನಡೀತಾ ಇತ್ತು. ಅಪ್ಪ ಒಂದು ಕಿವಿ ಅತ್ತ ಕೊಟ್ಟು ಹಳೇ ರಸೀದಿ ಪುಸ್ತಕ ನೋಡ್ತಾ ಕೂತಿದ್ದರು. ಚಿನ್ನ ಮತ್ತು ಬೆಳ್ಳಿ ಮೇಲಿನ ಕಸ್ಟಮ್ಸ್ ಸುಂಕವನ್ನು ಶೇಕಡಾ 6ಕ್ಕೆ ಇಳಿಸುತ್ತೇವೆ ಅಂತ ಹಣಕಾಸು ಸಚಿವೆ ಓದಿದಾಗ ಅಪ್ಪ ಕನ್ನಡಕ ತೆಗೆದರು. ಅಲ್ಲಿಯವರೆಗೆ ಅದು 15 ಇತ್ತು. ಮಧ್ಯಾಹ್ನದ ಹೊತ್ತಿಗೆ ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಹೊಸ ರೇಟು ಬಂತು. ಸೋಮವಾರ ಸಂಜೆ ಅಂಗಡಿ ಮುಚ್ಚುವಾಗ ನಮ್ಮ ಬೋರ್ಡಿನಲ್ಲಿ ಇದ್ದಿದ್ದು 22 ಕ್ಯಾರೆಟ್‌ಗೆ ಗ್ರಾಂಗೆ 6,770. ಬುಧವಾರ ಬೆಳಗ್ಗೆ ಬರೆಯಬೇಕಾಗಿದ್ದು 6,495. ನಡುವಿನ ವ್ಯತ್ಯಾಸ 275 ರೂಪಾಯಿ.

ಆಗ ದಿನಕ್ಕೆ ಹತ್ತು, ಇಪ್ಪತ್ತು, ಹೆಚ್ಚಂದರೆ ಐವತ್ತು ರೂಪಾಯಿ ಆಚೀಚೆ ಆಗೋದು ಅಭ್ಯಾಸವಾಗಿತ್ತು. 275 ಅಂದ್ರೆ ಗಿರಾಕಿ ಬೋರ್ಡು ನೋಡಿ ನಾವು ತಪ್ಪು ಬರೆದಿದ್ದೀವಿ ಅಂದುಕೊಳ್ಳುವಷ್ಟು.

ಸಂಜೆ ಫೋನ್ ಶುರುವಾಯ್ತು. ಸೋಮವಾರ ಅಂಗಡಿಯಲ್ಲಿ ಆಗಿದ್ದು ಎರಡೇ ವ್ಯಾಪಾರ, ಆ ಎರಡೂ ಗಿರಾಕಿಗಳು ಫೋನ್ ಮಾಡಿದರು. ಮೊದಲನೆಯವರು ನಮಗೆ ಪ್ರೈಮರಿಯಲ್ಲಿ ಪಾಠ ಹೇಳಿದ ಟೀಚರ್. ಇಪ್ಪತ್ತು ಗ್ರಾಂನ ಸರ ತಗೊಂಡು ಪೂರ್ತಿ ದುಡ್ಡು ಕೊಟ್ಟು ಹೋಗಿದ್ದರು. ಎರಡನೆಯವರು ಆನಂದಪುರದ ಕಡೆಯ ಅಡಿಕೆ ಬೆಳೆಗಾರರು, ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಗೌಡ್ರು. ಶ್ರಾವಣದಲ್ಲಿ ಮಗಳ ಮದುವೆ. 48 ಗ್ರಾಂ ಒಡವೆಗೆ ಆರ್ಡರ್ ಕೊಟ್ಟು ಒಂದು ಲಕ್ಷ ಅಡ್ವಾನ್ಸ್ ಇಟ್ಟಿದ್ದರು. ಇಬ್ಬರಿಗೂ ಅಪ್ಪ ಒಂದೇ ಮಾತು ಹೇಳಿದರು, "ನಾಳೆ ಬೆಳಗ್ಗೆ ಅಂಗಡಿಗೆ ಬನ್ನಿ, ಕೂತು ಮಾತಾಡೋಣ."

ಫೋನ್ ಇಟ್ಟು ನಮ್ಮ ಕಡೆ ತಿರುಗಿ, "ನಾಳೆ ನೂರು ಜನ ಇದನ್ನೇ ಕೇಳ್ತಾರೆ. ನೂರು ಸಲ ಹೇಳೋಕೆ ನನ್ನ ಕೈಲಾಗಲ್ಲ. ನೀವಿಬ್ರೂ ಇಂಜಿನಿಯರಿಂಗ್ ಓದ್ತೀರಲ್ಲ, ಒಂದು ಕಾಗದದಲ್ಲಿ ಬರೆದು ಕೊಡಿ" ಅಂದರು.

ನಾವು ಹುರುಪಿನಿಂದ ಲ್ಯಾಪ್‌ಟಾಪ್ ತೆಗೆದೆವು. ಮೊದಲ ಡ್ರಾಫ್ಟ್‌ನಲ್ಲಿ ಸೂತ್ರ ಇತ್ತು, ಔನ್ಸ್ ಇತ್ತು, ಡಾಲರ್ ಇತ್ತು. ಅಮ್ಮ ಎರಡು ಸಾಲು ಓದಿ, "ಇದನ್ನ ಓದೋಷ್ಟರಲ್ಲಿ ಬಸ್ಸು ತಪ್ಪುತ್ತೆ" ಅಂದರು. ಆದರೆ ಆ ಡ್ರಾಫ್ಟ್ ಬರೆಯುವಾಗಲೇ ನಮಗೆ ವಿಷಯ ಅರ್ಥವಾಗಿದ್ದು. ಆದ್ದರಿಂದ ಇಲ್ಲಿ ಅದನ್ನು ಸ್ವಲ್ಪ ಹೇಳ್ತೀವಿ.

ನಮ್ಮ ದೇಶಕ್ಕೆ ಬೇಕಾದ ಬಂಗಾರದ ಬಹುಪಾಲು ಹೊರಗಿನಿಂದ ಬರುತ್ತೆ. ಆ ದಿನಗಳಲ್ಲಿ ಹೊರಗಿನ ಬೆಲೆ ಒಂದು ಔನ್ಸಿಗೆ, ಅಂದರೆ 31.1 ಗ್ರಾಂಗೆ, ಸುಮಾರು 2,400 ಡಾಲರ್. ಡಾಲರ್‌ಗೆ ಸುಮಾರು 83.7 ರೂಪಾಯಿ. ಇವೆರಡನ್ನೂ ಗುಣಿಸಿ, ಔನ್ಸಿನ ತೂಕದಿಂದ ಭಾಗಿಸಿ, ಬಂದದ್ದಕ್ಕೆ ಸುಂಕ ಕೂಡಿಸಿದರೆ ಬಂಗಾರ ಇಲ್ಲಿಗೆ ಬಂದು ಬಿದ್ದ ಬೆಲೆ ಸಿಗುತ್ತೆ. ಸಾಮಾನ್ಯವಾಗಿ ರೇಟು ಏರಿಳಿಯೋದು ಮೊದಲ ಎರಡು ಸಂಖ್ಯೆಗಳಿಂದ. ಆ ರಾತ್ರಿ ಅವೆರಡೂ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದವು. ಬದಲಾಗಿದ್ದು ಮೂರನೆಯದು ಮಾತ್ರ. ಮೂಲ ಸುಂಕ 10ರಿಂದ 5ಕ್ಕೆ, ಕೃಷಿ ಮೂಲಸೌಕರ್ಯ ಸೆಸ್ 5ರಿಂದ 1ಕ್ಕೆ ಇಳಿಯಿತು. ಒಟ್ಟು 15 ಇದ್ದದ್ದು 6 ಆಯ್ತು. ಜುಲೈ 24ರಿಂದ ಜಾರಿ.

ಇಲ್ಲಿ ನಾವು ಮೊದಲ ತಪ್ಪು ಮಾಡಿದೆವು. 15ರಲ್ಲಿ 9 ಹೋಯ್ತು, ಹಾಗಾದ್ರೆ ರೇಟು ಶೇಕಡಾ 9 ಇಳೀಬೇಕು ಅಂತ ಬರೆದೆವು. ಅಕ್ಕ ನಿಲ್ಲಿಸಿದಳು. ಸುಂಕ ಇರೋದು ಹೊರಗಿನ ಬೆಲೆ ಮೇಲೆ, ಬೋರ್ಡಿನ ಬೆಲೆ ಮೇಲೆ ಅಲ್ಲ. ಹೊರಗಿನ ಬೆಲೆ 100 ಅಂತಿಟ್ಟುಕೊಂಡರೆ ನಿನ್ನೆ ಇಲ್ಲಿ 115, ಇವತ್ತು 106. ಇಳಿದಿದ್ದು 115ರಲ್ಲಿ 9. ಅಂದರೆ ಶೇಕಡಾ 7.8. ನಮ್ಮ 6,770ರ ಮೇಲೆ ಲೆಕ್ಕ ಹಾಕಿದರೆ ಸುಮಾರು 530 ರೂಪಾಯಿ ಇಳೀಬೇಕಿತ್ತು.

ಆದರೆ ಇಳಿದಿದ್ದು 275. ಹೆಚ್ಚುಕಡಿಮೆ ಅರ್ಧ. ಉಳಿದರ್ಧ ಎಲ್ಲಿ ಹೋಯ್ತು?

ತಮ್ಮ ಇದನ್ನು ಅಪ್ಪನ ಹತ್ತಿರ ಸ್ವಲ್ಪ ಅನುಮಾನದ ದನಿಯಲ್ಲೇ ಕೇಳಿದ. ನಾಳೆ ಗಿರಾಕಿಯೂ ಅದೇ ದನಿಯಲ್ಲಿ ಕೇಳ್ತಾರಲ್ಲ. ಅಪ್ಪ ನಿಧಾನಕ್ಕೆ ಬಿಡಿಸಿ ಹೇಳಿದರು. ಬಜೆಟ್‌ಗೆ ಮುಂಚೆ ಬಂಗಾರದ ಬೆಲೆ ಏರಿ ಕೂತಿತ್ತು, ಜೊತೆಗೆ ಆಷಾಢ, ಕೊಳ್ಳೋರು ಇರಲಿಲ್ಲ. ಅದಕ್ಕೆ ದೊಡ್ಡ ಡೀಲರ್‌ಗಳು ಸುಂಕ ಸೇರಿದ ಪೂರ್ತಿ ಬೆಲೆಗಿಂತ ಕಡಿಮೆಗೇ, ಡಿಸ್ಕೌಂಟ್‌ನಲ್ಲಿ ಮಾರ್ತಾ ಇದ್ದರು. ಅಂದರೆ ನಿನ್ನೆಯ ಬೆಲೆಯೇ ಪೂರ್ತಿ 115 ಆಗಿರಲಿಲ್ಲ. ಸುಂಕ ಇಳಿದ ಕೂಡಲೇ ಎಲ್ಲರೂ ಕೊಳ್ಳೋಕೆ ಮುಗಿಬಿದ್ದರು, ಡಿಸ್ಕೌಂಟ್ ಹೋಗಿ ಅದರ ಜಾಗಕ್ಕೆ ಪ್ರೀಮಿಯಂ ಬಂತು. ಅಂದರೆ ಇವತ್ತಿನ ಬೆಲೆ 106ಕ್ಕಿಂತ ಸ್ವಲ್ಪ ಮೇಲೆ. ಅದರ ಮೇಲೆ ದೇಶದ ತುಂಬ ಅಂಗಡಿಗಳ ಕಪಾಟಿನಲ್ಲಿ ಇರೋದು 15 ಸುಂಕ ಕೊಟ್ಟು ತಂದ ಮಾಲು. ಬೋರ್ಡಿನ ರೇಟು ಒಂದೇ ಏಟಿಗೆ ಕೆಳಕ್ಕೆ ಬರಲಿ ಅಂತ ಯಾವ ವ್ಯಾಪಾರಿಯೂ ಬಯಸಲ್ಲ.

"ನಾವೂ ಬಯಸಲ್ವಾ?" ಅಂತ ಕೇಳಿದೆವು.

"ನಾವೂ ಅಷ್ಟೇ" ಅಂದರು ಅಪ್ಪ.

ಆ ರಾತ್ರಿ ನಮ್ಮ ಕಪಾಟಿನಲ್ಲಿ ಇದ್ದದ್ದು ಸುಮಾರು 900 ಗ್ರಾಂ. 275ರಿಂದ ಗುಣಿಸಿ. 2,47,500 ರೂಪಾಯಿ. ನಾವಿಬ್ಬರೂ ಒಟ್ಟಿಗೆ ಕ್ಯಾಲ್ಕುಲೇಟರ್ ನೋಡಿ ಸುಮ್ಮನಾದೆವು. ನಮ್ಮಿಬ್ಬರ ಒಂದು ವರ್ಷದ ಫೀಸು, ಹಾಸ್ಟೆಲ್ ಎಲ್ಲ ಅದರೊಳಗೇ ಬರುತ್ತೆ.

ಅಪ್ಪ ಮಾತ್ರ ಅಷ್ಟೇನೂ ಅಲ್ಲಾಡಲಿಲ್ಲ. ಅಜ್ಜನ ಕಾಲದಿಂದ ನಮ್ಮ ಅಂಗಡಿಯ ಲೆಕ್ಕ ರೂಪಾಯಿಯಲ್ಲಿ ಅಲ್ಲ, ಗ್ರಾಂನಲ್ಲಿ. ಇವತ್ತು ಹತ್ತು ಗ್ರಾಂ ಮಾರಿದರೆ ಸಂಜೆಯೊಳಗೆ ಶಿವಮೊಗ್ಗದ ಡೀಲರ್‌ಗೆ ಫೋನ್ ಮಾಡಿ ಅದೇ ರೇಟಿನ ಹತ್ತಿರ ಹತ್ತು ಗ್ರಾಂ ಕೊಳ್ಳಬೇಕು. ಹಾಗೆ ಮಾಡಿದರೆ ರೇಟು ಏರಲಿ ಇಳಿಯಲಿ, ಅಂಗಡಿಯಲ್ಲಿ 900 ಗ್ರಾಂ 900 ಗ್ರಾಮೇ. ನಮ್ಮ ಸಂಪಾದನೆ ಮಜೂರಿಯಲ್ಲಿ, ರೇಟಿನಲ್ಲಿ ಅಲ್ಲ. ರೇಟು ಏರಿದಾಗ ಕಪಾಟಿನ ಬೆಲೆ ಏರಿದ್ದನ್ನೂ ನಾವು ಲಾಭ ಅಂದಿರಲಿಲ್ಲ, ಈಗ ಇಳಿದಿದ್ದನ್ನು ನಷ್ಟ ಅನ್ನೋದು ಯಾಕೆ ಅನ್ನೋದು ಅಪ್ಪನ ವಾದ. ಒಂದೇ ತೊಡಕು, ಬ್ಯಾಂಕಿನ ಓಡಿ ಮಾತ್ರ ಗ್ರಾಂನಲ್ಲಿ ಇಲ್ಲ, ರೂಪಾಯಿಯಲ್ಲೇ ಇದೆ. ಸ್ಟಾಕಿನ ಬೆಲೆ ಇಳಿದರೆ ಬ್ಯಾಂಕು ಕೊಡೋ ಮಿತಿಯೂ ಇಳಿಯುತ್ತೆ. ಅದನ್ನು ಹೇಳುವಾಗ ಅಪ್ಪನ ದನಿ ಸ್ವಲ್ಪ ಸಣ್ಣದಾಯ್ತು.

ಆಮೇಲೆ ರಸೀದಿ ಪುಸ್ತಕ ತೆಗೆದರು. ಗೌಡ್ರ ರಸೀದಿಯಲ್ಲಿ ಇದ್ದದ್ದು ಇಷ್ಟೇ: "48 ಗ್ರಾಂ, ಅಡ್ವಾನ್ಸ್ 1,00,000, ರೇಟ್ 6,770." ಮಜೂರಿ ಎಷ್ಟು ಅಂತ ಕೆಳಗೆ ಬರೆದಿತ್ತು. ರೇಟು ಯಾವುದಕ್ಕೆ ಅನ್ನೋದು ಬರೆದಿರಲಿಲ್ಲ. ಪೂರ್ತಿ 48 ಗ್ರಾಂಗಾ, ಅಥವಾ ಅಡ್ವಾನ್ಸ್ ಕೊಟ್ಟಷ್ಟಕ್ಕಾ? ವರ್ಷಗಟ್ಟಲೆ ಹೀಗೇ ಬರೆದುಕೊಂಡು ಬಂದಿದ್ದೆವು. ಸಣ್ಣಪುಟ್ಟ ಏರಿಳಿತದಲ್ಲಿ ಯಾರೂ ಕೇಳಿರಲಿಲ್ಲ. ಅಂಥದೇ ಇನ್ನೂ ಏಳು ರಸೀದಿ ಬಾಕಿ ಇದ್ದವು.

ಲೆಕ್ಕ ಮೂರು ಥರ ಹಾಕಬಹುದಿತ್ತು. ಪೂರ್ತಿ ಹಳೇ ರೇಟಿಗೆ ಅಂದರೆ ಬಂಗಾರಕ್ಕೆ 3,24,960. ಪೂರ್ತಿ ಹೊಸ ರೇಟಿಗೆ ಅಂದರೆ 3,11,760. ನಡುವೆ 13,200 ರೂಪಾಯಿ, ಮಜೂರಿ ಮತ್ತು ಜಿಎಸ್‌ಟಿ ಬಿಟ್ಟು. ಮೂರನೆಯದು, ಒಂದು ಲಕ್ಷಕ್ಕೆ 6,770ರಲ್ಲಿ ಬರೋದು 14.77 ಗ್ರಾಂ, ಅಷ್ಟಕ್ಕೆ ಹಳೇ ರೇಟು, ಉಳಿದ 33.23 ಗ್ರಾಂಗೆ ಹೊಸ ರೇಟು.

ಆ ಹೊತ್ತಿಗೆ ಚಿಕ್ಕಪ್ಪನೂ ಬಂದಿದ್ದರು. ಅವರದೂ ಬೇರೆ ಊರಲ್ಲಿ ಇದೇ ವ್ಯಾಪಾರ. ಅವರು ಖಡಾಖಂಡಿತವಾಗಿ ಹೇಳಿದರು, "ರಸೀದಿಯಲ್ಲಿ 6,770 ಅಂತ ಇದೆ, ಅವರು ಒಪ್ಪಿ ಹೋಗಿದ್ದಾರೆ. ನಾಳೆ 7,000 ಆಗಿದ್ರೆ ಅವರು ಹಳೇ ರೇಟೇ ಬೇಕು ಅಂತಿರಲಿಲ್ವಾ? ಆಗ ನಾವು ಕೊಡಬೇಕಿತ್ತು. ಈಗ ಅವರು ಕೊಡಲಿ." ಮಾತಿನಲ್ಲಿ ನ್ಯಾಯ ಇಲ್ಲದೇ ಇಲ್ಲ. ನಮಗೂ ಆ ಹೊತ್ತಿನಲ್ಲಿ, ಕ್ಯಾಲ್ಕುಲೇಟರ್‌ನ 2,47,500 ಕಣ್ಣ ಮುಂದೆ ಇರುವಾಗ, ಅದೇ ಸರಿ ಅನ್ನಿಸಿತ್ತು. ಸುಳ್ಳು ಯಾಕೆ ಹೇಳೋದು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಸೋಮವಾರ ಸಂಜೆ ನಾನು ಡೀಲರ್ ಹತ್ತಿರ ಗೌಡ್ರ ಲೆಕ್ಕಕ್ಕೆ ಎಷ್ಟು ಕೊಂಡೆ?" ಪುಸ್ತಕದಲ್ಲಿ ಇತ್ತು. ಅಡ್ವಾನ್ಸ್ ದುಡ್ಡಿಗೆ ಬರುವಷ್ಟೇ. ಆ 14.77 ಗ್ರಾಂ ಮಾತ್ರ ಹಳೇ ಬೆಲೆಗೆ ನಮ್ಮ ಕೈಗೆ ಬಂದಿದ್ದು. ಉಳಿದ 33 ಗ್ರಾಂ ಇನ್ನೂ ಕೊಂಡೇ ಇಲ್ಲ, ನಾಳೆ ಹೊಸ ಬೆಲೆಗೆ ಕೊಳ್ಳೋದು. ಅದಕ್ಕೆ ಹಳೇ ರೇಟು ಹಾಕಿದರೆ 9,138 ರೂಪಾಯಿ ಪುಕ್ಕಟೆಯಾಗಿ ನಮಗೆ ಬರುತ್ತೆ. "ಅದು ಮಜೂರಿ ಅಲ್ಲ, ಲಾಟರಿ" ಅಂದರು ಅಪ್ಪ. ಹಾಗೇ, ಪೂರ್ತಿ ಹೊಸ ರೇಟು ಕೊಟ್ಟರೆ ಆ 14.77 ಗ್ರಾಂ ಮೇಲೆ 4,062 ರೂಪಾಯಿ ನಮ್ಮ ಕೈಯಿಂದ ಹೋಗುತ್ತೆ, ಅದೂ ಸರಿಯಲ್ಲ. ಕೊಂಡಷ್ಟಕ್ಕೆ ಕೊಂಡ ರೇಟು, ಕೊಳ್ಳದಿದ್ದಕ್ಕೆ ಕೊಳ್ಳುವ ದಿನದ ರೇಟು. ಚಿಕ್ಕಪ್ಪ ಚಹಾ ಕುಡಿದು, "ನಿನ್ನ ಅಂಗಡಿ, ನಿನ್ನಿಷ್ಟ" ಅಂತ ಎದ್ದು ಹೋದರು.

ಟೀಚರ್ ವಿಷಯ ಲೆಕ್ಕದಲ್ಲಿ ಸುಲಭ, ಮನಸ್ಸಿಗೆ ಕಷ್ಟ. ಅವರ ಬಿಲ್ಲು ಹೀಗಿತ್ತು: 20 ಗ್ರಾಂ, 6,770ರ ಲೆಕ್ಕದಲ್ಲಿ 1,35,400. ಮಜೂರಿ ಶೇಕಡಾ 10, ಅಂದರೆ 13,540. ಎರಡೂ ಸೇರಿದ ಮೇಲೆ ಶೇಕಡಾ 3 ಜಿಎಸ್‌ಟಿ. ಒಟ್ಟು 1,53,408. ಅದೇ ಸರ ಬುಧವಾರ ತಗೊಂಡಿದ್ದರೆ 1,47,177. ಎರಡು ದಿನ ತಡೆದಿದ್ದರೆ 6,231 ರೂಪಾಯಿ ಉಳೀತಿತ್ತು. ಮಜೂರಿ, ಜಿಎಸ್‌ಟಿ ಎರಡೂ ರೇಟಿನ ಬೆನ್ನಿಗೇ ಬರೋದರಿಂದ ಗ್ರಾಂಗೆ 275 ಇಳಿದದ್ದು ಗಿರಾಕಿಗೆ ಗ್ರಾಂಗೆ 311ಕ್ಕಿಂತ ಹೆಚ್ಚೇ ಆಗುತ್ತೆ.

ಮಾರಾಟ ಮುಗಿದಿದೆ, ಆವತ್ತಿನ ರೇಟಿಗೆ ಆವತ್ತಿನ ಬಿಲ್ಲು, ಇದರಲ್ಲಿ ವಾಪಸ್ ಕೊಡುವ ಪ್ರಶ್ನೆ ಇಲ್ಲ. ಆದರೆ ಅಕ್ಕ ಅಪ್ಪನನ್ನು ಕೇಳಿದಳು, "ಅಪ್ಪಾ, ಸೋಮವಾರ ನಿಮಗೆ ಗೊತ್ತಿತ್ತಾ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಗೊತ್ತು ಅಂತಲ್ಲ. ಸುಂಕ ಇಳಿಸಬಹುದು ಅನ್ನೋ ಮಾತು ವ್ಯಾಪಾರಿಗಳ ಬಾಯಲ್ಲಿ ಇತ್ತು. ಆದರೆ ಆ ಮಾತು ಪ್ರತಿ ಬಜೆಟ್ ಮುಂದೆಯೂ ಇರುತ್ತೆ. 2022ರ ಜುಲೈನಲ್ಲಿ ಇಳಿಸೋ ಬದಲು ಏರಿಸಿದ್ದರು, ಅದೂ ಬಜೆಟ್ ಇಲ್ಲದ ದಿನ. ಊಹೆ ನಂಬಿ ಗಿರಾಕಿಗೆ ಇವತ್ತು ಬೇಡ ಅಂದು, ನಾಳೆ ಏರಿದರೆ ಅದಕ್ಕೂ ನಾವೇ ಹೊಣೆ. ಇಷ್ಟೆಲ್ಲ ಹೇಳಿದ ಮೇಲೆ ಅಪ್ಪನೇ ಅಂದರು, "ಆದ್ರೂ ನಾಳೆ ಬಜೆಟ್ ಇದೆ ಟೀಚರೇ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆಷಾಢದಲ್ಲಿ ಒಂದು ವ್ಯಾಪಾರ ಬಂದಿತ್ತು."

ಆ ಮಾತಿನ ನಂತರ ಚೀಟಿ ಬರೆಯೋದು ಸುಲಭವಾಯ್ತು. ರಾತ್ರಿ ಹನ್ನೊಂದೂವರೆಗೆ ಮುಗಿಸಿದೆವು. ಅದು ಹೀಗಿತ್ತು:

"ನಮ್ಮ ಗಿರಾಕಿಗಳಿಗೆ ನಮಸ್ಕಾರ.

ಸೋಮವಾರ ನಮ್ಮಲ್ಲಿ 22 ಕ್ಯಾರೆಟ್ ಬಂಗಾರ ಗ್ರಾಂಗೆ 6,770 ಇತ್ತು. ಇಂದು ಬುಧವಾರ 6,495. ಬೋರ್ಡಿನಲ್ಲಿ ತಪ್ಪಾಗಿಲ್ಲ. ಹೊರದೇಶದಿಂದ ಬರುವ ಬಂಗಾರದ ಮೇಲಿನ ಸುಂಕವನ್ನು ಸರ್ಕಾರ 15ರಿಂದ 6ಕ್ಕೆ ಇಳಿಸಿದೆ. ಬಂಗಾರದ ಗುಣ ಬದಲಾಗಿಲ್ಲ. ಮೊನ್ನೆಯ 22 ಕ್ಯಾರೆಟ್ಟೂ ಇಂದಿನ 22 ಕ್ಯಾರೆಟ್ಟೂ ಒಂದೇ.

ಸೋಮವಾರದವರೆಗೆ ಪೂರ್ತಿ ಹಣ ಕೊಟ್ಟು ಒಡವೆ ಒಯ್ದವರಿಗೆ: ಆ ದಿನದ ರೇಟು ಆ ದಿನಕ್ಕೆ. ಇಳಿದ ಹಣ ಹಿಂತಿರುಗಿಸಲು ಆಗುವುದಿಲ್ಲ. ಏರಿದ್ದರೆ ನಾವೂ ಕೇಳುತ್ತಿರಲಿಲ್ಲ.

ಅಡ್ವಾನ್ಸ್ ಕೊಟ್ಟವರಿಗೆ: ನಮ್ಮ ರಸೀದಿಯಲ್ಲಿ ವಿವರ ಸರಿಯಾಗಿ ಬರೆದಿರಲಿಲ್ಲ, ಅದು ನಮ್ಮ ತಪ್ಪು. ನಿಮ್ಮ ಅಡ್ವಾನ್ಸ್ ಹಣಕ್ಕೆ ಆ ದಿನ ಎಷ್ಟು ಗ್ರಾಂ ಬರುತ್ತಿತ್ತೋ ಅಷ್ಟಕ್ಕೆ ಆ ದಿನದ ರೇಟು. ಉಳಿದ ಗ್ರಾಂಗಳಿಗೆ ಇಂದಿನ ರೇಟು. ಇಂದೇ ನಿಗದಿ ಮಾಡುವುದು ಬೇಡ ಎಂದರೆ ಒಡವೆ ಒಯ್ಯುವ ದಿನದ ರೇಟು, ಏರಿದರೂ ಇಳಿದರೂ.

ಹಳೇ ಬಂಗಾರ ಕೊಟ್ಟು ಹೊಸದು ತೆಗೆದುಕೊಳ್ಳುವವರಿಗೆ: ಎರಡೂ ಕಡೆ ಇಂದಿನ ರೇಟೇ. ಆದ್ದರಿಂದ ನಿಮಗೆ ಹೆಚ್ಚು ವ್ಯತ್ಯಾಸ ಆಗುವುದಿಲ್ಲ.

ನಮ್ಮ ಮಜೂರಿ ಸೋಮವಾರ ಎಷ್ಟಿತ್ತೋ ಇಂದೂ ಅಷ್ಟೇ. ಎಲ್ಲಿ ಕೊಂಡರೂ ಬೋರ್ಡಿನ ರೇಟಿನ ಜೊತೆ ಮಜೂರಿಯನ್ನೂ ಕೇಳಿ.

ನಾಳೆ ಏರುತ್ತದೋ ಇಳಿಯುತ್ತದೋ ನಮಗೆ ಗೊತ್ತಿಲ್ಲ. ಇನ್ನು ಮುಂದೆ ಬಜೆಟ್ಟಿನ ಹಿಂದಿನ ವಾರ ಬಂದವರಿಗೆ ಬಜೆಟ್ ಇದೆ ಎಂದು ನಾವೇ ಹೇಳುತ್ತೇವೆ. ಈ ಸಲ ಹೇಳಲಿಲ್ಲ."

ಮಜೂರಿಯ ಸಾಲಿನ ಬಗ್ಗೆ ಒಂದು ಮಾತು. ಅದನ್ನು ಸೇರಿಸಿದ್ದು ತಮ್ಮ. ರೇಟು ಇಳಿದ ದಿನ ಅಂಗಡಿಯಲ್ಲಿ ಜನ ಜಾಸ್ತಿ, ಎಲ್ಲರ ಕಣ್ಣೂ ಬೋರ್ಡಿನ ಮೇಲೆ. ಆಗ ಮಜೂರಿ ಅಥವಾ ವೇಸ್ಟೇಜನ್ನು ಸದ್ದಿಲ್ಲದೆ ಏರಿಸಿದರೆ ಯಾರಿಗೂ ಗೊತ್ತಾಗಲ್ಲ. 6,770ಕ್ಕೆ ಶೇಕಡಾ 10 ಸೇರಿಸಿದರೆ ಗ್ರಾಂಗೆ 7,447. 6,495ಕ್ಕೆ ಶೇಕಡಾ 14 ಸೇರಿಸಿದರೆ 7,404. 275 ಇಳಿದಿದ್ದರಲ್ಲಿ ಗಿರಾಕಿಗೆ ಸಿಕ್ಕಿದ್ದು 43. ಶೇಕಡಾ 15 ಆದರೆ 7,469, ಅಂದರೆ ಇಳಿದ ದಿನವೇ ಹೆಚ್ಚು ಕೊಟ್ಟಂತೆ. ನೀವು ಅಮ್ಮನ ಜೊತೆ ಬಂಗಾರ ಕೊಳ್ಳೋಕೆ ಹೋದಾಗ ಮಾಡಬೇಕಾದ ಲೆಕ್ಕ ಇದೊಂದೇ: ಕೊನೆಗೆ ಕೊಟ್ಟ ದುಡ್ಡನ್ನು ಕಲ್ಲಿನ ತೂಕ ಕಳೆದ ಗ್ರಾಂಗಳಿಂದ ಭಾಗಿಸಿ ನೋಡಿ. ಬೋರ್ಡು ಏನೇ ಹೇಳಲಿ, ನೀವು ಕೊಂಡ ನಿಜವಾದ ರೇಟು ಅದು.

ಬುಧವಾರ ಬೆಳಗ್ಗೆ ಅಪ್ಪ 6,495 ಬರೆದು, ಪಕ್ಕದ ಗಾಜಿಗೆ ಚೀಟಿ ಅಂಟಿಸಿದರು. ಹತ್ತು ಗಂಟೆಗೆ ಗೌಡ್ರು ಬಂದರು. ಛತ್ರಿ ಮಡಚಿ, ನಿಂತೇ ಪೂರ್ತಿ ಓದಿದರು. ಕೂತ ಮೇಲೆ, "ಏನ್ ಶೇಟ್ರೇ, ಪೂರ್ತಿ ಹೊಸ ರೇಟೇ ಹಾಕಿ ಬಿಡಿ. ಮದುವೆ ಖರ್ಚು ನೋಡಿ" ಅಂದರು. ಅಪ್ಪ ಪುಸ್ತಕ ತೆಗೆದು ಸೋಮವಾರ ಕೊಂಡ 14.77 ಗ್ರಾಂ ತೋರಿಸಿದರು.

ಗೌಡ್ರಿಗೆ ಅದು ಅರ್ಥವಾಯ್ತು. ಅರ್ಥವಾಗದ್ದು ಇನ್ನೊಂದು. "ಸುಂಕ ಇಳಿದಿದ್ದು ಇವತ್ತಿಂದ ಬರೋ ಬಂಗಾರಕ್ಕೆ ಅಲ್ವೇ? ನಿಮ್ಮ ಕಪಾಟಲ್ಲಿರೋದು ಹಳೇ ಸುಂಕ ಕೊಟ್ಟಿದ್ದು. ಅದನ್ನ ಯಾಕೆ ಕಮ್ಮಿಗೆ ಕೊಡ್ತೀರಿ?" ನಾವು ಬಾಯಿ ತೆಗೆಯೋಷ್ಟರಲ್ಲಿ ಅವರೇ ನಕ್ಕರು. "ಹೋ, ನಮ್ಮ ಅಡಿಕೆ ಇದ್ದ ಹಾಗೆ. ಹೊರಗಿನ ಅಡಿಕೆ ಅಗ್ಗಕ್ಕೆ ಬಿಟ್ಟರೆ ನಮ್ಮ ಅಟ್ಟದ ಮೇಲಿರೋ ಹೋದ ವರ್ಷದ ಅಡಿಕೆ ರೇಟೂ ಬಿತ್ತಲ್ಲ. ನಾನು ಎಷ್ಟು ಖರ್ಚು ಮಾಡಿ ಬೆಳೆದೆ ಅಂತ ಮಂಡಿಯಲ್ಲಿ ಯಾರು ಕೇಳ್ತಾರೆ?"

ನಾವು ಒಂದು ರಾತ್ರಿ ಪೂರ್ತಿ ಸರಿಯಾಗಿ ಹೇಳಲು ಒದ್ದಾಡಿದ್ದನ್ನು ಅವರು ಎರಡು ವಾಕ್ಯದಲ್ಲಿ ಹೇಳಿದರು. ಸಾಗರದವರಿಗೆ ಆಮದು ಸುಂಕ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಹೊರಗಿನ ಅಡಿಕೆ ಕೆಜಿಗೆ 351 ರೂಪಾಯಿಗಿಂತ ಕಡಿಮೆಗೆ ಬರಬಾರದು ಅಂತ 2023ರಲ್ಲಿ ಕನಿಷ್ಠ ಬೆಲೆ ಏರಿಸಿದಾಗ ಊರಲ್ಲಿ ಅದರದೇ ಮಾತು ಇತ್ತು. ಗೌಡ್ರು ಅಡಿಕೆ ಮಾರುವಾಗ ಗೋಡೆ ಎತ್ತರ ಇರಲಿ ಅಂತಾರೆ, ಬಂಗಾರ ಕೊಳ್ಳುವಾಗ ಗೋಡೆ ಗಿಡ್ಡ ಇರಲಿ ಅಂತಾರೆ. ಅದನ್ನೂ ಅವರೇ ಹೇಳಿ ನಕ್ಕರು. ಉಳಿದ 33.23 ಗ್ರಾಂಗೆ ಅವತ್ತಿನ ರೇಟೇ ಇರಲಿ ಅಂತ ಹೊಸ ರಸೀದಿ ಬರೆಸಿದರು. ಆ ಗ್ರಾಂಗಳನ್ನು ಅಪ್ಪ ಅವರ ಎದುರಿಗೇ ಡೀಲರ್‌ಗೆ ಫೋನ್ ಮಾಡಿ ಕೊಂಡರು.

ಟೀಚರ್ ಮಧ್ಯಾಹ್ನ ಬಂದರು. ಅವರೂ ಚೀಟಿ ಓದಿದರು, ಕೊನೆಯ ಸಾಲನ್ನು ಎರಡು ಸಲ. ಅಪ್ಪ ಎದ್ದು ನಿಂತರು. ಟೀಚರ್ ಕೂತು, ಸ್ವಲ್ಪ ಹೊತ್ತಾದ ಮೇಲೆ ಹೇಳಿದರು, "ಪೇಪರ್ ನಾನೂ ಓದ್ತೀನಿ ಶೇಟ್ರೇ. ಬಜೆಟ್ ಇದೆ ಅಂತ ನನಗೂ ಗೊತ್ತಿತ್ತು. ಆದ್ರೆ ಸುಂಕದ ಮಾತು ನಡೀತಿದೆ ಅಂತ ನಿಮಗೆ ಗೊತ್ತಿತ್ತು. ಅದು ಬೇರೆ." ಅಪ್ಪ "ಹೌದು ಟೀಚರೇ" ಅಂದರು. ಅಷ್ಟೇ. ದುಡ್ಡಿನ ಮಾತು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೋಗುವಾಗ ನಮ್ಮಿಬ್ಬರ ಕಡೆ ತಿರುಗಿ, "ಚೀಟಿ ಬರೆದವರು ನೀವಾ? 'ನಿಗದಿ' ಸರಿಯಾಗಿ ಬರೆದಿದ್ದೀರಿ" ಅಂದರು. ನಮಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಗುರುವಾರ ರೇಟು ಮತ್ತೆ 95 ಇಳಿದು 6,400 ಆಯ್ತು. ಈ ಸಲ ಕಾರಣ ಸುಂಕ ಮಾತ್ರ ಅಲ್ಲ, ಹೊರಗಿನ ಮಾರ್ಕೆಟ್‌ನಲ್ಲೂ ಬಂಗಾರ ಇಳಿದಿತ್ತು. ಬುಧವಾರ ನಿಗದಿ ಮಾಡಿಸಿದ ಗೌಡ್ರು ಫೋನ್ ಮಾಡ್ತಾರೆ ಅಂತ ಕಾದೆವು. ಮಾಡಲಿಲ್ಲ. ಈ ಸಲ ರಸೀದಿಯಲ್ಲಿ ಎಲ್ಲ ಬರೆದಿತ್ತಲ್ಲ.

ಆ ಇಳಿಕೆ ಬಹಳ ದಿನ ಉಳಿಯಲಿಲ್ಲ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹೊರಗಿನ ಬೆಲೆಯೇ ಏರಿ, 22 ಕ್ಯಾರೆಟ್ ಗ್ರಾಂಗೆ 7,000 ದಾಟಿತ್ತು. ಟೀಚರ್ ಕೊಟ್ಟ 6,770 ಅಗ್ಗವಾಗಿ ಕಾಣತೊಡಗಿತು. ಹಾಗಂತ ಸೋಮವಾರ ಹೇಳದೇ ಇದ್ದದ್ದು ಸರಿಯಾಯ್ತು ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ.

ಈಗ ನಮ್ಮ ರಸೀದಿ ಪುಸ್ತಕ ಹೊಸದಾಗಿ ಅಚ್ಚಾಗಿದೆ. ಅದರಲ್ಲಿ ಎರಡು ಖಾನೆ ಹೆಚ್ಚು: "ಅಡ್ವಾನ್ಸಿಗೆ ನಿಗದಿಯಾದ ಗ್ರಾಂ" ಮತ್ತು "ಬಾಕಿ ಗ್ರಾಂ, ಒಯ್ಯುವ ದಿನದ ರೇಟು". 2025ರ ಜನವರಿ ಕೊನೆಯ ವಾರ ಕೌಂಟರ್ ಮೇಲೆ ಅಪ್ಪ ಒಂದು ರಟ್ಟು ನಿಲ್ಲಿಸಿದರು: "ಶನಿವಾರ ಬಜೆಟ್ ಇದೆ. ಸುಂಕ ಏರಬಹುದು, ಇಳಿಯಬಹುದು, ಹಾಗೇ ಇರಬಹುದು." ಅದನ್ನು ಓದಿ ಮೂರು ಜನ ಶನಿವಾರ ಆದ ಮೇಲೆ ಬರ್ತೀವಿ ಅಂತ ಎದ್ದು ಹೋದರು. ಬಜೆಟ್‌ನಲ್ಲಿ ಗಟ್ಟಿ ಬಂಗಾರದ ಸುಂಕ ಬದಲಾಗಲಿಲ್ಲ, 6 ಹಾಗೇ ಉಳಿಯಿತು. ಆ ಮೂರರಲ್ಲಿ ಇಬ್ಬರು ವಾಪಸ್ ಬಂದರು. ಒಬ್ಬರು ಬೇರೆ ಕಡೆ ಕೊಂಡರು ಅಂತ ಆಮೇಲೆ ಗೊತ್ತಾಯ್ತು.

ರಾತ್ರಿ ಫೋನಿನಲ್ಲಿ ಇದನ್ನು ಹೇಳಿದ ಅಮ್ಮ, "ಒಂದು ವ್ಯಾಪಾರ ಹೋಯ್ತು ನೋಡಿ, ನಿಮ್ಮ ಚೀಟಿಯಿಂದ" ಅಂದರು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು, "ಗ್ರಾಂ ಎಲ್ಲಿ ಹೋಯ್ತು? ಕಪಾಟಲ್ಲೇ ಇದೆಯಲ್ಲ."